ತಾಲ್ಲೂಕು ಆಸ್ಪತ್ರೆಗೆ ಟ್ರಾನ್ಸ್‌ಫಾರ್ಮರ್ ಎಷ್ಟು, ಜನರೇಟರ್ ಎಷ್ಟು: ಲೆಕ್ಕದ ಆಧಾರ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ವಿದ್ಯುತ್ ವಿಭಾಗದ ಅಭಿಯಂತರರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ತಮ್ಮಲ್ಲಿ ಹಲವರು ಆರೋಗ್ಯ ರಕ್ಷಾ ಸಮಿತಿಗಳ ಸಭೆಗಳಲ್ಲಿ ಭಾಗವಹಿಸುತ್ತೀರಿ. ಆ ಸಭೆಗಳಲ್ಲಿ "250 ಕೆ.ವಿ.ಎ. ಜನರೇಟರ್ ಒಂದು" ಎಂಬ ಒಂದೇ ಸಾಲಿನ ಅಂದಾಜು ಪಟ್ಟಿ ಮಂಡನೆಯಾಗುವುದುಂಟು. 250 ಏಕೆ, 160 ಏಕಾಗಬಾರದು, ಒಂದೇ ಏಕೆ, ಎರಡೇಕೆ ಬೇಡ ಎಂದು ಕೇಳಿದರೆ, "ಆಸ್ಪತ್ರೆಯ ಟಿ.ಸಿ. 250 ಇದೆ, ಅದಕ್ಕೆ ಸಮನಾಗಿ ಜನರೇಟರ್" ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ಲೆಕ್ಕವಿಲ್ಲ. ಟ್ರಾನ್ಸ್‌ಫಾರ್ಮರಿನ ಅಳತೆಯನ್ನು ಆಸ್ಪತ್ರೆಯ ಇಡೀ ಹೊರೆ ನಿರ್ಧರಿಸುತ್ತದೆ. ಜನರೇಟರಿನ ಅಳತೆಯನ್ನು ನಿರ್ಧರಿಸುವುದು ಬೇರೆ ಎರಡು ಸಂಗತಿಗಳು: ವಿದ್ಯುತ್ ಹೋದಾಗ ಯಾವುದು ನಿಲ್ಲಬಾರದು ಎಂಬುದು ಒಂದು, ಆಸ್ಪತ್ರೆಯ ಅತಿ ದೊಡ್ಡ ಮೋಟಾರು ಹೇಗೆ ಚಾಲನೆಗೊಳ್ಳುತ್ತದೆ ಎಂಬುದು ಇನ್ನೊಂದು. ನೂರು ಹಾಸಿಗೆಗಳ ಒಂದು ಮಾದರಿ ತಾಲ್ಲೂಕು ಆಸ್ಪತ್ರೆಯನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಹಂತ ಹಂತವಾಗಿ ತಮ್ಮ ಮುಂದೆ ಬಿಡಿಸುತ್ತೇನೆ.

1. ಹೊರೆ ಪಟ್ಟಿ

ಮೊದಲ ಕಾಗದ ಹೊರೆ ಪಟ್ಟಿ. ಆಸ್ಪತ್ರೆಯಲ್ಲಿರುವ ಪ್ರತಿಯೊಂದು ಉಪಕರಣದ ಫಲಕದ ಮೇಲೆ ಬರೆದಿರುವ ಶಕ್ತಿಯನ್ನು ಕೂಡಿದರೆ ಬರುವುದು ಜೋಡಿತ ಹೊರೆ. ಎಲ್ಲವೂ ಒಂದೇ ಹೊತ್ತಿನಲ್ಲಿ ಪೂರ್ಣ ಶಕ್ತಿಯಲ್ಲಿ ನಡೆಯುವುದಿಲ್ಲವಾದ್ದರಿಂದ, ವಾಸ್ತವವಾಗಿ ಬೇಕಾಗುವುದು ಅದಕ್ಕಿಂತ ಕಡಿಮೆ. ಅದನ್ನು ಬೇಡಿಕೆ ಎನ್ನುತ್ತೇವೆ. ಪಟ್ಟಿಯನ್ನು ಕಟ್ಟಡವಾರು ಮಾಡದೆ, ವಿದ್ಯುತ್ ನಿಂತರೆ ಆಗುವ ಪರಿಣಾಮವನ್ನು ನೋಡಿ ಮೂರು ಗುಂಪುಗಳಾಗಿ ವಿಂಗಡಿಸಬೇಕು. 'ಅ' ಗುಂಪು ಜೀವರಕ್ಷಕ ಹೊರೆ. 'ಆ' ಗುಂಪು ಒಂದೆರಡು ನಿಮಿಷದೊಳಗೆ ಮರಳಿ ಬರಬೇಕಾದ ಹೊರೆ. 'ಇ' ಗುಂಪು ಲೈನು ಬರುವವರೆಗೆ ಕಾಯಬಹುದಾದ ಹೊರೆ.

| ಗುಂಪು | ವಿವರ | ಜೋಡಿತ ಹೊರೆ (ಕಿ.ವ್ಯಾ.) | ಬೇಡಿಕೆ (ಕಿ.ವ್ಯಾ.) |
|---|---|---|---|
| ಅ | ಎರಡು ಶಸ್ತ್ರಚಿಕಿತ್ಸಾ ಕೊಠಡಿಗಳ ಉಪಕರಣ, ದೀಪ | 10 | 8 |
| ಅ | ತೀವ್ರ ನಿಗಾ ಘಟಕ, ನವಜಾತ ಶಿಶು ಘಟಕ | 20 | 16 |
| ಅ | ಹೆರಿಗೆ ಕೊಠಡಿ, ತುರ್ತು ಚಿಕಿತ್ಸೆ, ರಕ್ತ ಮತ್ತು ಲಸಿಕೆ ಶೀತಕ | 10 | 8 |
| | 'ಅ' ಒಟ್ಟು | 40 | 32 |
| ಆ | ಆಮ್ಲಜನಕ ಉತ್ಪಾದನಾ ಘಟಕ | 45 | 45 |
| ಆ | ಶಸ್ತ್ರಚಿಕಿತ್ಸಾ ಕೊಠಡಿಗಳ ಹವಾನಿಯಂತ್ರಣ | 24 | 20 |
| ಆ | ವಾರ್ಡು, ಮೆಟ್ಟಿಲು, ಪಡಸಾಲೆಗಳ ದೀಪ, ಫ್ಯಾನು | 24 | 15 |
| ಆ | ಡಯಾಲಿಸಿಸ್, ಪ್ರಯೋಗಾಲಯ | 16 | 12 |
| ಆ | ಲಿಫ್ಟ್, ನೀರಿನ ಪಂಪು | 15 | 8 |
| | 'ಆ' ಒಟ್ಟು | 124 | 100 |
| ಇ | ಕ್ಷಕಿರಣ (ಎಕ್ಸ್‌ರೇ) ವಿಭಾಗ | 30 | 10 |
| ಇ | ಆಟೋಕ್ಲೇವ್, ಬಟ್ಟೆ ಒಗೆಯುವ ಯಂತ್ರ, ಗೀಸರ್ | 45 | 27 |
| ಇ | ಕಚೇರಿ, ಹೊರಾಂಗಣ ದೀಪ, ಇತರೆ | 25 | 15 |
| | 'ಇ' ಒಟ್ಟು | 100 | 52 |
| | ಎಲ್ಲ ಸೇರಿ | 264 | 184 |

ಈ ಅಂಕಿಗಳು ಮಾದರಿಯವು. ಪ್ರತಿ ಆಸ್ಪತ್ರೆಯ ಅಂಕಿಗಳೂ ಬೇರೆಯಾಗಿರುತ್ತವೆ, ಆದರೆ ಪಟ್ಟಿಯ ಸ್ವರೂಪ ಬದಲಾಗುವುದಿಲ್ಲ. ಆಮ್ಲಜನಕ ಘಟಕದ ಸಾಲನ್ನು ಮಾತ್ರ ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. 2021ರ ಕೋವಿಡ್ ಎರಡನೇ ಅಲೆಯ ಸಂದರ್ಭದಲ್ಲಿ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸುವ ಇಂಥ ಘಟಕಗಳನ್ನು ಹಲವು ಆಸ್ಪತ್ರೆಗಳಲ್ಲಿ ಅಳವಡಿಸಲಾಯಿತು. ಅದಕ್ಕೂ ಮೊದಲು ಖರೀದಿಸಿದ ಜನರೇಟರಿನ ಲೆಕ್ಕದಲ್ಲಿ ಈ ಸಾಲು ಇರಲು ಸಾಧ್ಯವಿಲ್ಲ. ನಮ್ಮ ಮಾದರಿಯಲ್ಲಿ ಇದೊಂದೇ ಘಟಕದ ಹೊರೆ 'ಅ' ಗುಂಪಿನ ಇಡೀ ಹೊರೆಗಿಂತ ಹೆಚ್ಚಾಗಿದೆ.

2. ಟ್ರಾನ್ಸ್‌ಫಾರ್ಮರ್

ಟ್ರಾನ್ಸ್‌ಫಾರ್ಮರ್ ಮೂರೂ ಗುಂಪುಗಳನ್ನು ಹೊರಬೇಕು. ಮೂರೂ ಗುಂಪುಗಳ ಬೇಡಿಕೆ ಒಂದೇ ಗಳಿಗೆಯಲ್ಲಿ ಶಿಖರ ಮುಟ್ಟುವುದಿಲ್ಲ. ಆದ್ದರಿಂದ 184ರಲ್ಲಿ ಹತ್ತನೆಯ ಒಂದು ಭಾಗ ಕಳೆದರೆ ಸುಮಾರು 166 ಕಿಲೋವ್ಯಾಟ್ ಉಳಿಯುತ್ತದೆ. ಕೆಪಾಸಿಟರ್ ಅಳವಡಿಸಿ ಪವರ್ ಫ್ಯಾಕ್ಟರನ್ನು 0.9ರಲ್ಲಿ ಇರಿಸಿದರೆ, 166ನ್ನು 0.9ರಿಂದ ಭಾಗಿಸಿ 184 ಕೆ.ವಿ.ಎ. ದೊರೆಯುತ್ತದೆ. ಟ್ರಾನ್ಸ್‌ಫಾರ್ಮರನ್ನು ಅದರ ಸಾಮರ್ಥ್ಯದ ಶೇಕಡ 80ರೊಳಗೆ ದುಡಿಸುವುದು ಒಳ್ಳೆಯ ರೂಢಿ. ಬೇಸಿಗೆಯಲ್ಲಿ ಎಣ್ಣೆ ಹೆಚ್ಚು ಬಿಸಿಯಾಗದೆ ಉಳಿಯುತ್ತದೆ, ಮುಂದೆ ಬರುವ ಉಪಕರಣಕ್ಕೂ ಸ್ವಲ್ಪ ಸ್ಥಳವಿರುತ್ತದೆ. 184ನ್ನು 0.8ರಿಂದ ಭಾಗಿಸಿದರೆ 230. ಮಾರುಕಟ್ಟೆಯಲ್ಲಿ ದೊರೆಯುವ ಅಳತೆಗಳು 160, 200, 250, 315 ಎಂಬ ಕ್ರಮದಲ್ಲಿವೆ. ಹಾಗಾಗಿ 11 ಕಿಲೋವೋಲ್ಟನ್ನು 433 ವೋಲ್ಟ್‌ಗೆ ಇಳಿಸುವ 250 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಸರಿಯಾದ ಆಯ್ಕೆ.

ಒಂದು ಸುಟ್ಟರೆ ಇನ್ನೊಂದಿರಲಿ ಎಂದು 160 ಕೆ.ವಿ.ಎ.ಯ ಎರಡನ್ನು ಕೂರಿಸಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 'ಅ' ಮತ್ತು 'ಆ' ಗುಂಪುಗಳ ಒಟ್ಟು ಬೇಡಿಕೆ 132 ಕಿಲೋವ್ಯಾಟ್, ಎಂದರೆ 147 ಕೆ.ವಿ.ಎ.; ಅದನ್ನು 160ರ ಒಂದು ಟ್ರಾನ್ಸ್‌ಫಾರ್ಮರ್ ತಾತ್ಕಾಲಿಕವಾಗಿ ಹೊರಬಲ್ಲದು. ಆದರೆ ಎರಡು ಟ್ರಾನ್ಸ್‌ಫಾರ್ಮರುಗಳು ಒಂದೇ 11 ಕಿಲೋವೋಲ್ಟ್ ಫೀಡರಿನಿಂದ ಉಣ್ಣುತ್ತವೆ. ಮರ ಬಿದ್ದು, ಇನ್ಸುಲೇಟರ್ ಒಡೆದು, ಗಾಳಿಮಳೆಯಲ್ಲಿ ತಂತಿ ಹರಿದು ಫೀಡರ್ ಹೋದರೆ ಎರಡೂ ಒಟ್ಟಿಗೆ ಸತ್ತಂತೆಯೇ. ಗ್ರಾಮಾಂತರದಲ್ಲಿ ಫೀಡರ್ ಹೋಗುವುದು ಆಗಾಗ ನಡೆಯುವ ಸಂಗತಿ. ಸರಿಯಾಗಿ ಅಳೆದು ಹಾಕಿದ ಟ್ರಾನ್ಸ್‌ಫಾರ್ಮರ್ ಸುಡುವುದು ವರ್ಷಗಳಿಗೊಮ್ಮೆ. ಆದಕಾರಣ ಹಣ ಒಂದೇ ಇದ್ದಾಗ ಎರಡನೆಯ ಟ್ರಾನ್ಸ್‌ಫಾರ್ಮರಿಗಿಂತ ಎರಡನೆಯ ಜನರೇಟರಿಗೆ ಅದನ್ನು ವಿನಿಯೋಗಿಸುವುದು ವಿವೇಕ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಸ್ತೆಬದಿಯ ಟಿ.ಸಿ. ಸುಟ್ಟರೆ ವಿದ್ಯುತ್ ಸರಬರಾಜು ಕಂಪನಿ ಬದಲಿಸಿಕೊಡುತ್ತದೆ. ಹೈಟೆನ್ಷನ್ ಸಂಪರ್ಕ ಪಡೆದ ಆಸ್ಪತ್ರೆಯ ಆವರಣದಲ್ಲಿರುವ ಟ್ರಾನ್ಸ್‌ಫಾರ್ಮರ್ ಆಸ್ಪತ್ರೆಯ ಸ್ವತ್ತು. ಅದರ ದುರಸ್ತಿ ಆಸ್ಪತ್ರೆಯ ಹೊಣೆ. ಟೆಂಡರು, ಸಾಗಾಣಿಕೆ, ಪರೀಕ್ಷೆ ಎಲ್ಲ ಸೇರಿ ಹಲವು ದಿನಗಳು ಹಿಡಿಯಬಹುದು. ಆ ದಿನಗಳೆಲ್ಲವೂ ಆಸ್ಪತ್ರೆ ಜನರೇಟರಿನ ಮೇಲೆಯೇ ನಡೆಯಬೇಕು. ಜನರೇಟರನ್ನು ಒಂದು ಗಂಟೆಯ ಕೆಲಸಕ್ಕಷ್ಟೇ ಆರಿಸಬಾರದು ಎಂಬುದಕ್ಕೆ ಇದೇ ಕಾರಣ.

3. ಜನರೇಟರ್: ಚಾಲನೆಯ ಮೊದಲ ಕ್ಷಣ

ಪಂಪ್‌ಸೆಟ್ ಇಟ್ಟುಕೊಂಡಿರುವ ರೈತರಿಗೆ ಒಂದು ಸಂಗತಿ ಅನುಭವದಿಂದಲೇ ಗೊತ್ತು. ಮೋಟಾರು ಓಡುತ್ತಿರುವಾಗ ಎಳೆಯುವ ವಿದ್ಯುತ್ ಬೇರೆ, ಶುರುವಾಗುವಾಗ ಎಳೆಯುವುದು ಬೇರೆ. ಪಕ್ಕದ ತೋಟದ ಮೋಟಾರು ಶುರುವಾದಾಗ ನಮ್ಮ ಮನೆಯ ಬಲ್ಬು ಒಂದು ಕ್ಷಣ ಮಂಕಾಗುವುದು ಇದರಿಂದಲೇ.

ನಮ್ಮ ಮಾದರಿಯ ಆಮ್ಲಜನಕ ಘಟಕದ ಕಂಪ್ರೆಸರಿಗೆ 50 ಅಶ್ವಶಕ್ತಿಯ, ಎಂದರೆ 37 ಕಿಲೋವ್ಯಾಟಿನ ಮೋಟಾರು ಇದೆ. ಓಡುವಾಗ ಅದಕ್ಕೆ ಸುಮಾರು 47 ಕೆ.ವಿ.ಎ. ಸಾಕು. ನೇರವಾಗಿ ಲೈನಿಗೆ ಸೇರಿಸಿ ಶುರುಮಾಡಿದರೆ ಅದರ ಆರು ಪಟ್ಟು, ಸುಮಾರು 280 ಕೆ.ವಿ.ಎ. ಒಂದೆರಡು ಸೆಕೆಂಡು ಎಳೆಯುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಈ ಎಳೆತ ಮೂರನೆಯ ಒಂದು ಭಾಗಕ್ಕೆ, ಸುಮಾರು 93 ಕೆ.ವಿ.ಎ.ಗೆ ಇಳಿಯುತ್ತದೆ. ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಇದ್ದರೆ ಓಡುವಾಗಿನ ಎಳೆತಕ್ಕಿಂತ ಹೆಚ್ಚೇನೂ ಆಗುವುದಿಲ್ಲ.

ಈ ಎಳೆತವನ್ನು ವಿದ್ಯುತ್ ಜಾಲ ಸುಲಭವಾಗಿ ತಾಳಿಕೊಳ್ಳುತ್ತದೆ; ಒಂಟಿ ಜನರೇಟರ್ ತಾಳಿಕೊಳ್ಳುವುದು ಕಷ್ಟ. 160 ಕೆ.ವಿ.ಎ. ಜನರೇಟರಿನ ಮೇಲೆ ಈ ಮೋಟಾರನ್ನು ನೇರವಾಗಿ ಶುರುಮಾಡಿದರೆ ವೋಲ್ಟೇಜು ಆ ಕ್ಷಣದಲ್ಲಿ ಸುಮಾರು ಶೇಕಡ 20ರಷ್ಟು ಕುಸಿಯುತ್ತದೆ. ಸ್ಟಾರ್-ಡೆಲ್ಟಾದಲ್ಲಿ ಕುಸಿತ ಸುಮಾರು ಶೇಕಡ 8. ಕುಸಿತ ಹೆಚ್ಚಾದರೆ ಸ್ಟಾರ್ಟರುಗಳ ಕಾಂಟ್ಯಾಕ್ಟರು ಕಚ್ಚಿಕೊಂಡಿರಲಾರದೆ ಬಿಟ್ಟುಬಿಡುತ್ತದೆ, ಸೂಕ್ಷ್ಮ ಉಪಕರಣಗಳು ಎಚ್ಚರಿಕೆಯ ಸದ್ದು ಮಾಡುತ್ತವೆ. ಹಳೆಯ 62.5 ಕೆ.ವಿ.ಎ. ಜನರೇಟರೊಂದೇ ಇರುವ ಆಸ್ಪತ್ರೆಯಾದರೆ ಲೆಕ್ಕ ಇನ್ನೂ ಸರಳ. ಮೋಟಾರಿಗೆ 47, 'ಅ' ಗುಂಪಿಗೆ ಸುಮಾರು 36, ಒಟ್ಟು 83 ಕೆ.ವಿ.ಎ. ಆಗುವುದರಿಂದ, ಸ್ಟಾರ್ಟರ್ ಎಷ್ಟು ಉತ್ತಮವಾಗಿದ್ದರೂ ಜನರೇಟರ್ ನಿಂತುಹೋಗುತ್ತದೆ. ವಿದ್ಯುತ್ ಹೋಗಿ, ಜನರೇಟರ್ ಬಂದು, ಅರ್ಧ ನಿಮಿಷದಲ್ಲಿ ಮತ್ತೆ ಇಡೀ ಆಸ್ಪತ್ರೆ ಕತ್ತಲಾಯಿತೆಂದು ಸಿಬ್ಬಂದಿ ಹೇಳಿದರೆ, ಮೊದಲು ನೋಡಬೇಕಾದದ್ದು ಆ ಗಳಿಗೆಯಲ್ಲಿ ಯಾವ ಮೋಟಾರು ಶುರುವಾಯಿತು ಎಂಬುದನ್ನು.

ಪರಿಹಾರವು ಜನರೇಟರನ್ನು ದೊಡ್ಡದು ಮಾಡುವುದರಲ್ಲಿ ಮಾತ್ರ ಇಲ್ಲ, ಸರದಿಯಲ್ಲಿ ಇದೆ. ವಿದ್ಯುತ್ ಹೋದ 10ರಿಂದ 15 ಸೆಕೆಂಡಿನೊಳಗೆ 'ಅ' ಗುಂಪು ಜನರೇಟರಿಗೆ ಬರಬೇಕು. ಆ ಬಳಿಕ, ಬೇರೆ ಹೊರೆಗಳು ಇನ್ನೂ ಸೇರದಿರುವಾಗಲೇ, ಆಮ್ಲಜನಕ ಘಟಕದ ಮೋಟಾರು ಶುರುವಾಗಬೇಕು. ಅದು ಸ್ಥಿರಗೊಂಡ ನಂತರ ವಾರ್ಡಿನ ದೀಪಗಳು, ಹವಾನಿಯಂತ್ರಣ, ಪಂಪು, ಲಿಫ್ಟು ಒಂದಾದ ಮೇಲೊಂದು ಸೇರಬೇಕು. ಪ್ಯಾನಲಿನಲ್ಲಿ ಟೈಮರುಗಳಿಂದ ಇದನ್ನು ಮಾಡಲಾಗುತ್ತದೆ. ಜನರೇಟರ್ ಬರುವ ತನಕದ ಆ ಕೆಲವು ಸೆಕೆಂಡುಗಳನ್ನು ಶಸ್ತ್ರಚಿಕಿತ್ಸೆಯ ದೀಪ, ವೆಂಟಿಲೇಟರ್, ಮಾನಿಟರುಗಳಿಗೆ ಯು.ಪಿ.ಎಸ್. ತುಂಬಿಕೊಡಬೇಕು. ಶಿಶುಗಳ ವಾರ್ಮರಿನಂತಹ ಕಾಯಿಸುವ ಉಪಕರಣಗಳನ್ನು ಯು.ಪಿ.ಎಸ್.ಗೆ ಕೊಡಬೇಕಿಲ್ಲ, ಹದಿನೈದು ಸೆಕೆಂಡಿನಲ್ಲಿ ಶಾಖ ಆರಿಹೋಗುವುದಿಲ್ಲ, ಆದರೆ ಅವು ಬ್ಯಾಟರಿಯನ್ನು ಬೇಗ ಬರಿದುಮಾಡುತ್ತವೆ. ಹಾಗಿದ್ದೂ ಯು.ಪಿ.ಎಸ್. ಬ್ಯಾಟರಿಯನ್ನು 30 ನಿಮಿಷಕ್ಕೆ ಲೆಕ್ಕ ಹಾಕುತ್ತೇವೆ, ಏಕೆಂದರೆ ಜನರೇಟರ್ ಮೊದಲ ಯತ್ನದಲ್ಲಿ ಹತ್ತದಿದ್ದರೆ ಸಿಬ್ಬಂದಿ ಓಡಿಬಂದು ಕೈಯಿಂದ ಚಾಲನೆ ಮಾಡಲು ಅಷ್ಟು ಸಮಯ ಬೇಕು.

4. ದೊಡ್ಡದು ಒಂದೇ, ಸಾಧಾರಣವಾದವು ಎರಡೇ?

ಈಗ ಅಳತೆಯ ವಿಚಾರ. ಜನರೇಟರ್ ಹೊರಬೇಕಾದದ್ದು 'ಅ' ಮತ್ತು 'ಆ' ಗುಂಪುಗಳ 132 ಕಿಲೋವ್ಯಾಟ್. ಜನರೇಟರಿನ ಕೆ.ವಿ.ಎ.ಯನ್ನು 0.8ರಿಂದ ಗುಣಿಸಿದರೆ ಅದರ ಕಿಲೋವ್ಯಾಟ್ ಸಿಗುತ್ತದೆ. 160ರದು 128 ಕಿಲೋವ್ಯಾಟ್. 250ರದು 200 ಕಿಲೋವ್ಯಾಟ್.

ಅಂದಾಜು ಪಟ್ಟಿಯಲ್ಲಿದ್ದ 250 ಕೆ.ವಿ.ಎ.ಯ ಒಂಟಿ ಜನರೇಟರನ್ನು ಮೊದಲು ಪರಿಶೀಲಿಸೋಣ. ಹಗಲು ಅದು 132ನ್ನು ಆರಾಮವಾಗಿ ಹೊರುತ್ತದೆ. ರಾತ್ರಿ ಶಸ್ತ್ರಚಿಕಿತ್ಸಾ ಕೊಠಡಿ ಮುಚ್ಚಿ, ಆಮ್ಲಜನಕ ಕಂಪ್ರೆಸರ್ ವಿಶ್ರಾಂತಿಯಲ್ಲಿರುವಾಗ ಹೊರೆ 45 ಕಿಲೋವ್ಯಾಟಿಗೆ ಇಳಿಯಬಹುದು. ಅದು 200ರಲ್ಲಿ ಶೇಕಡ 22 ಮಾತ್ರ. ಡೀಸೆಲ್ ಎಂಜಿನನ್ನು ಶೇಕಡ 30ಕ್ಕಿಂತ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಎಂಜಿನ್ ಸಾಕಷ್ಟು ಬಿಸಿಯಾಗದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಹೊಗೆ ಕೊಳವೆಯ ಕೀಲುಗಳಲ್ಲಿ ಕಪ್ಪು ಎಣ್ಣೆಯಂತಹ ಜಿಡ್ಡು ಒಸರುವುದು ಇದರ ಗುರುತು. ಕಾಲಕ್ರಮದಲ್ಲಿ ಎಂಜಿನ್ ಶಕ್ತಿ ಕುಂದುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಒಂದು ಯಂತ್ರ ಹತ್ತದಿದ್ದರೆ ಆಸ್ಪತ್ರೆಗೆ ಉಳಿಯುವುದು ಸೊನ್ನೆ. ಸಾಮರ್ಥ್ಯ ಹೆಚ್ಚಿದ ಮಾತ್ರಕ್ಕೆ ಭರವಸೆ ಹೆಚ್ಚಾಗುವುದಿಲ್ಲ.

ಇದಕ್ಕೆ ಬದಲಾಗಿ 160 ಕೆ.ವಿ.ಎ.ಯ ಎರಡು ಜನರೇಟರುಗಳನ್ನು ತೆಗೆದುಕೊಳ್ಳೋಣ. ವಿದ್ಯುತ್ ಹೋದ ಕೂಡಲೇ ಎರಡೂ ಚಾಲನೆಗೊಳ್ಳುತ್ತವೆ. ಮೊದಲು ಸಿದ್ಧವಾದದ್ದು 'ಅ' ಗುಂಪನ್ನು ವಹಿಸಿಕೊಳ್ಳುತ್ತದೆ. ಇನ್ನೊಂದು ಸಿಂಕ್ರನೈಸಿಂಗ್ ಪ್ಯಾನಲಿನ ಮೂಲಕ ಅದರ ಜೊತೆಗೂಡುತ್ತದೆ. 132 ಕಿಲೋವ್ಯಾಟಿನ ಹೊರೆ ಎರಡಕ್ಕೂ ಹಂಚಿಕೆಯಾಗಿ ತಲಾ ಶೇಕಡ 52ರಷ್ಟಾಗುತ್ತದೆ. ರಾತ್ರಿ ಒಂದನ್ನು ನಿಲ್ಲಿಸಿದರೆ ಉಳಿದದ್ದು 45 ಕಿಲೋವ್ಯಾಟಿನಲ್ಲೂ ಶೇಕಡ 35ರ ಹೊರೆಯಲ್ಲಿ ಆರೋಗ್ಯವಾಗಿ ಓಡುತ್ತದೆ.

ಎರಡರಲ್ಲಿ ಒಂದು ಕೆಟ್ಟರೆ? ಉಳಿದದ್ದರ ಶಕ್ತಿ 128, ಬೇಡಿಕೆ 132. ಆಗ ಡಯಾಲಿಸಿಸ್, ಪ್ರಯೋಗಾಲಯ, ಲಿಫ್ಟು, ಪಂಪು ಸೇರಿ 20 ಕಿಲೋವ್ಯಾಟನ್ನು ಬಿಡಬೇಕು. ಡಯಾಲಿಸಿಸ್ ಯಂತ್ರಗಳಲ್ಲಿ ರೋಗಿಯ ರಕ್ತವನ್ನು ಹಿಂದಿರುಗಿಸುವಷ್ಟು ಬ್ಯಾಟರಿ ಇರುತ್ತದೆ; ಮೇಲ್ತೊಟ್ಟಿಯಲ್ಲಿ ಕೆಲವು ಗಂಟೆಗಳ ನೀರು ಇರುತ್ತದೆ. ಉಳಿಯುವ 112 ಕಿಲೋವ್ಯಾಟ್ ಒಂದು ಯಂತ್ರದ ಶೇಕಡ 87. ಶಸ್ತ್ರಚಿಕಿತ್ಸೆ, ಶಿಶುಗಳ ಘಟಕ, ಆಮ್ಲಜನಕ, ವಾರ್ಡಿನ ದೀಪ ಯಾವುದೂ ನಿಲ್ಲುವುದಿಲ್ಲ. ಒಂದು ಯಂತ್ರ ಹೋದಾಗ ಏನು ಉಳಿಯುತ್ತದೆ, ಏನು ಬಿಡಬೇಕು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಡುವುದೇ ಬದಲಿ ವ್ಯವಸ್ಥೆಯ ತಿರುಳು.

ಈ ಬಿಡುವಿಕೆ ತಾನಾಗಿ ಆಗುವಂತೆ ವೈರಿಂಗ್ ಇರಬೇಕು. ಸಿಬ್ಬಂದಿ ಸ್ವಿಚ್ ತೆಗೆಯಲಿ ಎಂದು ಬಿಟ್ಟರೆ, ಅವರು ಪ್ಯಾನಲ್ ಕೊಠಡಿ ತಲುಪುವುದರೊಳಗೆ ಎರಡನೆಯದೂ ಅತಿಹೊರೆಯಿಂದ ನಿಂತಿರುತ್ತದೆ. 'ಇ' ಗುಂಪಿನ ಹೊರೆ ಜನರೇಟರಿನ ಸರ್ಕ್ಯೂಟಿಗೆ ಸದ್ದಿಲ್ಲದೆ ನುಸುಳುವುದೂ ಅಷ್ಟೇ ಅಪಾಯ. ವೈದ್ಯರ ಕೊಠಡಿಗೊಂದು ಏರ್ ಕಂಡಿಷನರ್, ವಾರ್ಡಿಗೊಂದು ಗೀಸರ್ ಹೀಗೆ ಸೇರುತ್ತಾ ಹೋದರೆ 112 ಎಂದು ಬರೆದ ಜಾಗದಲ್ಲಿ 140 ಇರುತ್ತದೆ. ಪರೀಕ್ಷೆಯ ದಿನ ಪ್ಯಾನಲಿನ ಮೀಟರು ತೋರಿಸುವ ಕಿಲೋವ್ಯಾಟನ್ನು ಹೊರೆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಈ ನುಸುಳುವಿಕೆ ತಕ್ಷಣ ಕಾಣುತ್ತದೆ.

5. ಎರಡಿದ್ದೂ ಒಂದೇ ಆಗುವ ಬಗೆ

ಎರಡು ಯಂತ್ರಗಳು ಯಾವುದಾದರೂ ಒಂದು ವಸ್ತುವನ್ನು ಹಂಚಿಕೊಂಡಿದ್ದರೆ, ಆ ವಸ್ತು ಕೆಟ್ಟ ದಿನ ಎರಡೂ ಇಲ್ಲವಾಗುತ್ತವೆ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್ ನಗರವನ್ನು ಅಪ್ಪಳಿಸಿದಾಗ ಅಲ್ಲಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರುಗಳು 13ನೆಯ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಆದರೆ ಅವುಗಳಿಗೆ ಇಂಧನ ಏರಿಸುವ ಪಂಪುಗಳು ನೆಲಮಾಳಿಗೆಯಲ್ಲಿದ್ದು ಪ್ರವಾಹದಲ್ಲಿ ಮುಳುಗಿದವು. ಸಿಬ್ಬಂದಿ ಸಾಲಾಗಿ ನಿಂತು ಮೆಟ್ಟಿಲುಗಳ ಮೂಲಕ ಕೈಯಿಂದ ಕೈಗೆ ಇಂಧನ ಸಾಗಿಸಬೇಕಾಯಿತು. ಕೊನೆಗೆ ರೋಗಿಗಳನ್ನು ಬೇರೆಡೆಗೆ ಸ್ಥಳಾಂತರಿಸಲಾಯಿತು.

ನಮ್ಮ ಆಸ್ಪತ್ರೆಗಳಲ್ಲಿ ನೋಡಬೇಕಾದ ಹಂಚಿಕೆಯ ವಸ್ತುಗಳು ಮೂರು. ಮೊದಲನೆಯದು ಚಾಲನಾ ಬ್ಯಾಟರಿ. ಜನರೇಟರ್ ಹತ್ತದಿರುವುದಕ್ಕೆ ಬಹುಸಾಮಾನ್ಯ ಕಾರಣ ಎಂಜಿನಿನ ದೋಷವಲ್ಲ, ಸತ್ತ ಬ್ಯಾಟರಿ ಅಥವಾ ಕೆಟ್ಟ ಚಾರ್ಜರ್. ಪ್ರತಿ ಯಂತ್ರಕ್ಕೂ ಸ್ವಂತ ಬ್ಯಾಟರಿ ಮತ್ತು ಸ್ವಂತ ಚಾರ್ಜರ್ ಇರಬೇಕು.

ಎರಡನೆಯದು ಡೀಸೆಲ್. ಸರಾಸರಿ 80 ಕಿಲೋವ್ಯಾಟ್ ಹೊರೆಗೆ, ಒಂದು ಯೂನಿಟ್‌ಗೆ ಸುಮಾರು 0.28 ಲೀಟರಿನಂತೆ, ಗಂಟೆಗೆ 22 ಲೀಟರಿಗಿಂತ ತುಸು ಹೆಚ್ಚು, ದಿನಕ್ಕೆ ಸುಮಾರು 540 ಲೀಟರ್ ಬೇಕು. ಪ್ರತಿ ಯಂತ್ರಕ್ಕೆ 500 ಲೀಟರಿನ ಪ್ರತ್ಯೇಕ ಟ್ಯಾಂಕು ಇದ್ದು ಎರಡೂ ತುಂಬಿದ್ದರೆ ಎರಡು ದಿನಕ್ಕೆ ಸ್ವಲ್ಪ ಕಡಿಮೆ ನಡೆಯುತ್ತದೆ. ಒಂದರಲ್ಲಿ ನೀರು ಸೇರಿದರೂ ಇನ್ನೊಂದು ಶುದ್ಧವಾಗಿರುತ್ತದೆ. ಹೆಚ್ಚು ಸಂಗ್ರಹಿಸುವ ಮೊದಲು ಪೆಟ್ರೋಲಿಯಂ ನಿಯಮಗಳನ್ನು ಗಮನಿಸಬೇಕು. ಪರವಾನಗಿ ಇಲ್ಲದೆ ಇಡಬಹುದಾದ ಡೀಸೆಲ್ ಒಟ್ಟು 2,500 ಲೀಟರ್. ಅದರಲ್ಲಿ ಯಾವ ಒಂದು ಪಾತ್ರೆಯೂ 1,000 ಲೀಟರ್ ಮೀರುವಂತಿಲ್ಲ.

ಮೂರನೆಯದು ಚೇಂಜ್‌ಓವರ್. ಲೈನಿನಿಂದ ಜನರೇಟರಿಗೆ ಹೊರೆಯನ್ನು ಬದಲಿಸುವ ಈ ಸ್ವಿಚ್ಚು ಒಂದೇ ಇದ್ದು ಅದು ಸುಟ್ಟರೆ ಎರಡು ಜನರೇಟರುಗಳೂ ಓಡುತ್ತಿರುತ್ತವೆ, ಆಸ್ಪತ್ರೆ ಕತ್ತಲಲ್ಲಿರುತ್ತದೆ. ಅದನ್ನು ಬಳಸಿಕೊಂಡು ಹೋಗುವ ಕೈಚಾಲಿತ ಬದಲಿ ಮಾರ್ಗವೊಂದು 'ಅ' ಗುಂಪಿಗಾದರೂ ಇರಬೇಕು. ಆ ಮಾರ್ಗದಲ್ಲೂ ಯಾಂತ್ರಿಕ ಇಂಟರ್‌ಲಾಕ್ ಕಡ್ಡಾಯ. ಇಲ್ಲದಿದ್ದರೆ ಜನರೇಟರಿನ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ 11 ಕಿಲೋವೋಲ್ಟ್ ತಂತಿಗೆ ಹರಿದು, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ನ ಪ್ರಾಣಕ್ಕೆ ಎರವಾಗುತ್ತದೆ.

ವಿದ್ಯುತ್ತಿನದಲ್ಲದ ಆಸರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೊಡ್ಡ ಆಮ್ಲಜನಕ ಸಿಲಿಂಡರೊಂದರಲ್ಲಿ ಸುಮಾರು 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 200 ಲೀಟರ್ ಬಳಕೆಯಿದ್ದರೆ ಹತ್ತು ಸಿಲಿಂಡರುಗಳು ಆರು ಗಂಟೆಗೆ ಸ್ವಲ್ಪ ಕಡಿಮೆ ಬರುತ್ತವೆ. ತುಂಬಿದ ಸಿಲಿಂಡರುಗಳ ಸಾಲು ತಾನಾಗಿ ತೆರೆದುಕೊಳ್ಳುವಂತಿದ್ದರೆ, 45 ಕಿಲೋವ್ಯಾಟಿನ ಘಟಕವನ್ನೂ ಕೆಲವು ಗಂಟೆಗಳ ಕಾಲ ನಿಲ್ಲಿಸಿ, ಒಂದೇ ಜನರೇಟರಿನ ಮೇಲೆ ಉಳಿದೆಲ್ಲವನ್ನೂ ನಡೆಸಬಹುದು. ಖಾಲಿ ಸಿಲಿಂಡರುಗಳಿದ್ದರೆ ಈ ಆಯ್ಕೆಯೂ ಇಲ್ಲ.

6. ಪರೀಕ್ಷೆ ಮತ್ತು ಪ್ರಶ್ನೆಗಳು

ವಾರಕ್ಕೊಮ್ಮೆ ಹತ್ತು ನಿಮಿಷ ಹೊರೆಯಿಲ್ಲದೆ ಓಡಿಸಿ ಲಾಗ್ ಪುಸ್ತಕದಲ್ಲಿ "ಸರಿಯಿದೆ" ಎಂದು ಬರೆಯುವುದು ಪರೀಕ್ಷೆಯಲ್ಲ. ಅದರಿಂದ ಎಂಜಿನ್ ತಿರುಗುತ್ತದೆ ಎಂದಷ್ಟೇ ತಿಳಿಯುತ್ತದೆ. ಹೊರೆ ಹೊರುತ್ತದೆಯೇ, ಚೇಂಜ್‌ಓವರ್ ಬದಲಾಗುತ್ತದೆಯೇ, ಮೋಟಾರು ಶುರುವಾಗುತ್ತದೆಯೇ ಎಂಬುದು ತಿಳಿಯುವುದಿಲ್ಲ. ತಿಂಗಳಿಗೊಮ್ಮೆ, ವೈದ್ಯಾಧಿಕಾರಿಗಳು ಒಪ್ಪಿದ ಹೊತ್ತಿನಲ್ಲಿ, ಲೈನಿನ ಮುಖ್ಯ ಸ್ವಿಚ್ಚನ್ನು ತೆಗೆದು ಆಸ್ಪತ್ರೆಯ ನಿಜವಾದ ಹೊರೆಯ ಮೇಲೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಬೇಕು. ಎಷ್ಟು ಸೆಕೆಂಡಿನಲ್ಲಿ 'ಅ' ಗುಂಪಿಗೆ ವಿದ್ಯುತ್ ಬಂತು, ಆಮ್ಲಜನಕ ಮೋಟಾರು ಶುರುವಾದಾಗ ವೋಲ್ಟೇಜು ಎಷ್ಟಕ್ಕೆ ಇಳಿಯಿತು, ಮೀಟರಿನಲ್ಲಿ ಎಷ್ಟು ಕಿಲೋವ್ಯಾಟ್ ಕಂಡಿತು ಎಂಬ ಮೂರು ಅಂಕಿಗಳನ್ನು ದಾಖಲಿಸಬೇಕು. ಕಲಬುರಗಿ, ರಾಯಚೂರಿನಂತಹ ಜಿಲ್ಲೆಗಳಲ್ಲಿ ಈ ಪರೀಕ್ಷೆಯನ್ನು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಒಮ್ಮೆಯಾದರೂ ನಡೆಸಬೇಕು. ಗಾಳಿಯಾಡದ ಕೊಠಡಿಯಲ್ಲಿಟ್ಟ ಜನರೇಟರ್ ಚಳಿಗಾಲದಲ್ಲಿ ಹೊತ್ತ ಹೊರೆಗೇ ಬೇಸಿಗೆಯಲ್ಲಿ ನೀರಿನ ಬಿಸಿ ಏರಿ ನಿಂತುಬಿಡುವುದು ಆಗಲೇ ಗೊತ್ತಾಗುತ್ತದೆ.

ಸದಸ್ಯರು ಅಭಿಯಂತರರಾಗಬೇಕಿಲ್ಲ. ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ ನಾಲ್ಕು ಕಾಗದಗಳನ್ನು ಕೇಳಿದರೆ ಸಾಕು: ಮೂರು ಗುಂಪುಗಳ ಹೊರೆ ಪಟ್ಟಿ, ಅತಿ ದೊಡ್ಡ ಮೋಟಾರಿನ ಅಶ್ವಶಕ್ತಿ ಮತ್ತು ಅದರ ಸ್ಟಾರ್ಟರಿನ ವಿವರ, ಒಂದು ಜನರೇಟರ್ ಕೆಟ್ಟರೆ ಯಾವುದು ಉಳಿಯುತ್ತದೆ, ಯಾವುದು ತಾನಾಗಿ ಕಳಚುತ್ತದೆ ಎಂಬ ಪಟ್ಟಿ, ಹಾಗೂ ಕಳೆದ ಮೂರು ತಿಂಗಳ ಹೊರೆ ಪರೀಕ್ಷೆಯ ದಾಖಲೆ. ಹೊಸ ಉಪಕರಣವೊಂದನ್ನು ದಾನಿಗಳು ಕೊಟ್ಟರೂ, ಇಲಾಖೆ ಕೊಟ್ಟರೂ, ಅದನ್ನು ಅಳವಡಿಸುವ ಮೊದಲು ಹೊರೆ ಪಟ್ಟಿಗೆ ಒಂದು ಸಾಲು ಸೇರಿಸಿ, ಈ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಿಸಬೇಕೆಂದು ಸಭೆಯ ನಡಾವಳಿಯಲ್ಲಿ ದಾಖಲಿಸಲು ತಮ್ಮಲ್ಲಿ ವಿನಂತಿಸುತ್ತೇನೆ.